ಹಾಡು ಬೇಕೆನ್ನುವ ಚಿತ್ರರಂಗ, ಬೇಡವೆನ್ನುವ ಚಿತ್ರರಂಗ

ಪ್ರಶ್ನೆ: ನಮ್ಮಲ್ಲಿ ಹಾಡಿಲ್ಲದೆ ಸಿನಿಮಾನೇ ಇಲ್ಲ, ಹಾಲಿವುಡ್‌ನಲ್ಲಿ ಮಾತ್ರ ಯಾರೂ ಹಾಡೋದಿಲ್ಲ. ಯಾಕೆ ಹೀಗೆ?

ಇದಕ್ಕೆ ನಮ್ಮ ಭಾವುಕತೆಯೇ ಕಾರಣವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಿನಿಮಾ ಮಾತು ಕಲಿತಾಗ ಯಾವ ರಂಗಭೂಮಿಯ ಮಡಿಲಲ್ಲಿತ್ತು ಎಂಬುದೇ ಮುಖ್ಯ.

ಭಾರತದ ಮೊದಲ ವಾಕ್ಚಿತ್ರ, 1931ರ ‘ಆಲಂ ಆರಾ’ದಲ್ಲಿ ಏಳು ಹಾಡುಗಳಿದ್ದವು, ಅದರ ಕಥೆ ಪಾರ್ಸಿ ನಾಟಕದಿಂದ ಬಂದದ್ದು. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡಾಗ ಅದರಲ್ಲಿದ್ದವರೂ ಆರ್. ನಾಗೇಂದ್ರರಾವ್, ಸುಬ್ಬಯ್ಯ ನಾಯ್ಡು ಅವರಂಥ ವೃತ್ತಿರಂಗಭೂಮಿಯ ನಟರೇ. ಕಂಪನಿ ನಾಟಕದಲ್ಲಿ ಪಾತ್ರಧಾರಿಗೆ ಕಂಠವಿರಲೇಬೇಕಿತ್ತು. ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿದರೆ ಕಥೆ ಅಲ್ಲೇ ನಿಂತು, ಹಾರ್ಮೋನಿಯಂ ಮತ್ತೆ ಶ್ರುತಿ ಹಿಡಿದು, ಮುಗಿದ ಹಾಡು ಪುನಃ ಶುರುವಾಗುತ್ತಿತ್ತು. ಸತ್ತು ಬಿದ್ದ ಪಾತ್ರವೂ ಎದ್ದು ಹಾಡಿ ಮತ್ತೆ ಸಾಯುತ್ತಿತ್ತೆಂದು ಹಳಬರು ನಗುತ್ತಾ ಹೇಳುವುದುಂಟು. ಕಥೆಗೆ ಹಾಡು ಅಡ್ಡಿಯೆಂದು ಆ ಪ್ರೇಕ್ಷಕರಿಗೆ ಅನಿಸಿರಲೇ ಇಲ್ಲ.

ಅಮೆರಿಕದ ಮೊದಲ ವಾಕ್ಚಿತ್ರಗಳಲ್ಲೂ ಹಾಡುಗಳಿಗೆ ಬರವಿರಲಿಲ್ಲ. 1929–30ರಲ್ಲಿ ಅವು ಎಷ್ಟು ಹೆಚ್ಚಾದವೆಂದರೆ ಜನ ಬೇಸತ್ತು, ನಿರ್ಮಾಪಕರು ಸಿದ್ಧವಾದ ಚಿತ್ರಗಳಿಂದಲೂ ಹಾಡುಗಳನ್ನು ಕತ್ತರಿಸಿ ತೆಗೆದರು. ಅಲ್ಲಿ ಮಾತಿನ ನಾಟಕ ಬೇರೆ, ಸಂಗೀತ ನಾಟಕ ಬೇರೆ ಎಂಬ ವಿಂಗಡಣೆ ರಂಗಭೂಮಿಯಲ್ಲೇ ಇದ್ದುದರಿಂದ, ಹಾಡು ‘ಮ್ಯೂಸಿಕಲ್’ ಎಂಬ ಒಂದು ಪ್ರಕಾರದೊಳಗೆ ಉಳಿಯಿತು, ಉಳಿದ ಚಿತ್ರಗಳು ಅದನ್ನು ಬಿಟ್ಟವು.

ತಂತ್ರಜ್ಞಾನ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಮೊದಲು ನಟರು ಚಿತ್ರೀಕರಣದ ವೇಳೆಯಲ್ಲೇ ಹಾಡಬೇಕಿತ್ತು, ವಾದ್ಯದವರು ಕ್ಯಾಮೆರಾ ಕಣ್ಣಿಗೆ ಬೀಳದಂತೆ ಹತ್ತಿರದಲ್ಲೇ ಕೂರಬೇಕಿತ್ತು. 1935ರಲ್ಲಿ ಕಲ್ಕತ್ತದ ನ್ಯೂ ಥಿಯೇಟರ್ಸ್, ನಿತಿನ್ ಬೋಸ್ ನಿರ್ದೇಶನದಲ್ಲಿ, ಮೊದಲೇ ಮುದ್ರಿಸಿದ ಹಾಡಿಗೆ ತುಟಿ ಆಡಿಸುವ ಹಿನ್ನೆಲೆ ಗಾಯನವನ್ನು ತಂದಿತು. ಹಾಲಿವುಡ್‌ಗೆ ಈ ಉಪಾಯ ಅದಕ್ಕೂ ಮೊದಲೇ ಗೊತ್ತಿತ್ತು. ಆದರೆ ಅಲ್ಲಿ ಅದು ಮುಚ್ಚಿಡಬೇಕಾದ ಗುಟ್ಟಾಯಿತು: 1964ರ ‘ಮೈ ಫೇರ್ ಲೇಡಿ’ಯಲ್ಲಿ ಆಡ್ರಿ ಹೆಪ್ಬರ್ನ್‌ಗೆ ಬಹುಪಾಲು ಹಾಡಿದ ಮಾರ್ನಿ ನಿಕ್ಸನ್ ಹೆಸರು ಪರದೆಯ ಮೇಲೆ ಬರಲಿಲ್ಲ. ಇಲ್ಲಿ ರಾಜ್‌ಕುಮಾರ್ ಅವರ ತುಟಿಯಲ್ಲಿರುವುದು ಪಿ.ಬಿ. ಶ್ರೀನಿವಾಸ್ ಅವರ ದನಿಯೆಂದು ತಿಳಿದೇ ಜನ ಇಬ್ಬರನ್ನೂ ಮೆಚ್ಚಿದರು. ಸ್ವತಃ ಕಂಪನಿ ನಾಟಕದ ಕಂಠವಿದ್ದ ರಾಜ್, 1974ರ ‘ಸಂಪತ್ತಿಗೆ ಸವಾಲ್’ ನಂತರ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದಾಗಲೂ ಯಾರಿಗೂ ಹಿಂದಿನದು ಮೋಸವೆನಿಸಲಿಲ್ಲ. ದನಿಗೂ ದೇಹಕ್ಕೂ ನಂಟಿರಲೇಬೇಕೆಂಬ ಹಟವಿಲ್ಲದ ಕಡೆ ಹಾಡು ಚಿತ್ರದಿಂದ ಬೇರ್ಪಟ್ಟು ಗ್ರಾಮಫೋನಿನಲ್ಲೂ ರೇಡಿಯೋದಲ್ಲೂ ತನ್ನಷ್ಟಕ್ಕೆ ಬದುಕಬಲ್ಲದು, ಚಿತ್ರಕ್ಕೆ ಪ್ರಚಾರವನ್ನೂ ತರಬಲ್ಲದು.

ಹಾಗೆಂದು ಇಲ್ಲಿ ಹಾಡನ್ನು ಬಿಟ್ಟವರೇ ಇಲ್ಲವೆಂದಲ್ಲ. 1954ರ ತಮಿಳಿನ ‘ಅಂದ ನಾಳ್’, 1960ರ ಹಿಂದಿಯ ‘ಕಾನೂನ್’ ಎರಡರಲ್ಲೂ ಹಾಡಿಲ್ಲ. ಎರಡೂ ಕೊಲೆಯ ಕಥೆಗಳು. ಕೊಲೆಗಾರ ಯಾರೆಂದು ಪ್ರೇಕ್ಷಕರು ಲೆಕ್ಕ ಹಾಕುತ್ತಿರುವಾಗ ನಾಲ್ಕು ನಿಮಿಷದ ಯುಗಳಗೀತೆ ಬಂದರೆ ಕಟ್ಟಿದ ಬಿಗಿಯೆಲ್ಲ ಸಡಿಲವಾಗುತ್ತದೆ. ಈಚಿನ ಹಲವು ಚಿತ್ರಗಳು ನಡುದಾರಿ ಹಿಡಿದಿವೆ: ಹಾಡು ಹಿನ್ನೆಲೆಯಲ್ಲಿ ಕೇಳಿಸುತ್ತದೆ, ಪಾತ್ರಗಳು ಬಸ್ಸು ಹತ್ತುತ್ತವೆ, ಊಟ ಮಾಡುತ್ತವೆ, ತುಟಿ ಮಾತ್ರ ಆಡಿಸುವುದಿಲ್ಲ.