ಕೊಟೇಶನ್ ಮೇಲ್ ಕಳಿಸುವ ಮುಂಚೆ ಕೊನೆಯ ಸಲ ಏನೇನು ನೋಡಬೇಕು?

*ಪ್ರಶ್ನೆ: ದೊಡ್ಡ ಗ್ರಾಹಕರಿಗೆ ಕೊಟೇಶನ್ ಮೇಲ್ ಮಾಡಬೇಕು. ಎರಡು ಮೂರು ಸಲ ಓದಿದರೂ ಏನಾದರೂ ತಪ್ಪು ಉಳಿದೇ ಇರುತ್ತೆ. ನೀವು ಹೇಗೆ ಚೆಕ್ ಮಾಡ್ತೀರಿ?*

ಮೊದಲು To ಮತ್ತು Cc ಖಾಲಿ ಮಾಡಿ. ವಿಳಾಸ ಇಲ್ಲದ ಮೇಲ್ ಅಪ್ಪಿತಪ್ಪಿಯೂ ಹೋಗುವುದಿಲ್ಲ. ಆಮೇಲೆ ಒಂದು ಸಲಕ್ಕೆ ಒಂದೇ ವಿಷಯ ನೋಡಿ. ಎಲ್ಲವನ್ನೂ ಒಟ್ಟಿಗೆ ಓದಿದರೆ, ಬರೆದವರ ಕಣ್ಣು ಮನಸ್ಸಿನಲ್ಲಿ ಇರುವುದನ್ನೇ ಓದಿಬಿಡುತ್ತದೆ.

ನಾನು ಶುರು ಮಾಡುವುದು ಅಟ್ಯಾಚ್‌ಮೆಂಟ್‌ನಿಂದ. ಫೋಲ್ಡರ್‌ನಲ್ಲಿರುವ ಫೈಲ್ ಅಲ್ಲ, ಡ್ರಾಫ್ಟ್‌ಗೆ ಸೇರಿಸಿರುವುದನ್ನೇ ತೆರೆಯಬೇಕು. ಹಳೇ ವರ್ಷನ್ ಸೇರಿಕೊಂಡಿದ್ದರೆ ಅಲ್ಲೇ ಗೊತ್ತಾಗುತ್ತದೆ. ಎಕ್ಸೆಲ್ ಫೈಲ್ ಕಳಿಸಲೇಬೇಡಿ, ಪಿಡಿಎಫ್ ಮಾಡಿ. ಎಕ್ಸೆಲ್‌ನಲ್ಲಿ ಮರೆಮಾಡಿದ ಶೀಟನ್ನು ಗ್ರಾಹಕರು ಎರಡು ಕ್ಲಿಕ್‌ನಲ್ಲಿ ತೆರೆಯಬಹುದು. ನಿಮ್ಮ ಅಸಲು ಖರ್ಚು, ಲಾಭ ಎಲ್ಲ ಅಲ್ಲೇ ಇರುತ್ತದೆ ಅಲ್ವಾ?

ಜಾಸ್ತಿ ಹೊತ್ತು ಕೊಡಬೇಕಾದದ್ದು ಅಂಕಿಗಳಿಗೆ. ಬೆಲೆ ₹12,40,000 ಅಂದುಕೊಳ್ಳಿ. ಶೇ. 18 ಜಿಎಸ್‌ಟಿ ₹2,23,200, ಒಟ್ಟು ₹14,63,200. ಇದನ್ನು ಕ್ಯಾಲ್ಕುಲೇಟರ್‌ನಲ್ಲಿ ಮತ್ತೆ ಲೆಕ್ಕ ಹಾಕಿ. ಮೇಲ್‌ನಲ್ಲಿ, ಪಿಡಿಎಫ್‌ನಲ್ಲಿ, ಅಕ್ಷರದಲ್ಲಿ ಬರೆದ ಮೊತ್ತದಲ್ಲಿ, ಮೂರೂ ಕಡೆ ಅದೇ ಇದೆಯಾ ನೋಡಿ. ಪಿಡಿಎಫ್‌ನಲ್ಲಿ 14,36,200 ಇದ್ದರೆ ವ್ಯತ್ಯಾಸ 27,000. ಅದು 9ರಿಂದ ಭಾಗವಾಗುತ್ತದೆ. ಹಾಗಿದ್ದರೆ ಎರಡು ಅಂಕಿ ಹಿಂದುಮುಂದಾಗಿರುವ ಸಾಧ್ಯತೆ ಹೆಚ್ಚು, ಮೊದಲು ಅದನ್ನೇ ಹುಡುಕಿ. ಬೆಲೆಯಲ್ಲಿ ಜಿಎಸ್‌ಟಿ ಸೇರಿದೆಯೋ ಇಲ್ಲವೋ ಅಂತ ಸ್ಪಷ್ಟವಾಗಿ ಬರೆಯಿರಿ. ತಾರೀಖಿನ ಜೊತೆ ವಾರ ಬರೆದಿದ್ದರೆ ಎರಡೂ ಹೊಂದುತ್ತವೆಯಾ ಅಂತ ಕ್ಯಾಲೆಂಡರ್ ನೋಡಿ.

ಹೆಸರನ್ನು ನೆನಪಿನಿಂದ ಟೈಪ್ ಮಾಡಬೇಡಿ. ಅವರ ಮೇಲ್‌ನ ಕೊನೆಯಲ್ಲಿ ಅವರೇ ಬರೆದುಕೊಂಡದ್ದನ್ನು ಕಾಪಿ ಮಾಡಿ. ಇಂಗ್ಲಿಷ್‌ನಲ್ಲಿ ಒಬ್ಬರು Shruthi, ಇನ್ನೊಬ್ಬರು Shruti. ಹಳೇ ಕೊಟೇಶನ್ ತಿದ್ದಿ ಮಾಡಿದ್ದರೆ, ಹಿಂದಿನ ಗ್ರಾಹಕರ ಹೆಸರನ್ನು ಫೈಲ್‌ನ ಒಳಗೂ ಫೈಲ್ ಹೆಸರಿನಲ್ಲೂ ಹುಡುಕಿ.

ಧಾಟಿಗೆ ಒಂದೇ ಕೆಲಸ: ಗಟ್ಟಿಯಾಗಿ ಓದಿ. "ಆಗಲೇ ಹೇಳಿದ ಹಾಗೆ" ಅನ್ನುವ ಮಾತು ಕಿವಿಗೆ ಚುಚ್ಚುತ್ತದೆ, ತೆಗೆಯಿರಿ. ಅವರಿಂದ ಏನು ಬೇಕು, ಯಾವಾಗ ಬೇಕು ಅನ್ನುವುದು ಮೊದಲ ಎರಡು ಸಾಲಿನಲ್ಲೇ ಬರಲಿ.

ಈಗ ವಿಳಾಸ. ಒಂದೇ ಹೆಸರಿನವರು ಇಬ್ಬರಿದ್ದರೆ, ಮೇಲ್ ಆ್ಯಪ್ ತಾನಾಗಿ ಬೇರೆಯವರನ್ನು ತುಂಬಿಬಿಡಬಹುದು. ಅದಕ್ಕೆ @ ನಂತರದ ಭಾಗವನ್ನೂ ಓದಿ. ಆಮೇಲೆ ಮೂರು ಚುಕ್ಕೆ ಒತ್ತಿ ಕೆಳಗಿನ ಹಳೇ ಮಾತುಕತೆ ಬಿಡಿಸಿ ನೋಡಿ. "ಇನ್ನೂ 5% ಬಿಡಬಹುದು" ಅಂತ ನಿಮ್ಮ ಆಫೀಸಿನವರು ಬರೆದದ್ದು ಅಲ್ಲೇ ಇದ್ದರೆ ಚೌಕಾಸಿಗೆ ಏನೂ ಉಳಿಯುವುದಿಲ್ಲ. ಅಂಥ ಕಡೆ ಫಾರ್ವರ್ಡ್ ಬೇಡ, ಹೊಸ ಮೇಲ್ ಬರೆಯಿರಿ.

ಜಿಮೇಲ್ ಆದರೆ ಸೆಟ್ಟಿಂಗ್ಸ್‌ನಲ್ಲಿ Undo Send ಅನ್ನು 30 ಸೆಕೆಂಡಿಗೆ ಇಡಿ. ಔಟ್‌ಲುಕ್‌ನ Recall ನಂಬಬೇಡಿ, ನಿಮ್ಮ ಸಂಸ್ಥೆಯ ಹೊರಗೆ ಹೋದ ಮೇಲ್ ಅದರಿಂದ ವಾಪಸ್ ಬರುವುದಿಲ್ಲ.