ಮೊಡವೆ ಹೋಯ್ತು, ಕಲೆ ಯಾಕೆ ಹೋಗಲಿಲ್ಲ?

ನಾನು ಚರ್ಮದ ಡಾಕ್ಟರ ಕ್ಲಿನಿಕ್‌ನಲ್ಲಿ ಆಪ್ತಸಲಹೆಗಾರ್ತಿ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಅಲ್ಲಿಗೆ ಅಮ್ಮನ ಜೊತೆ ಬಂದ ಒಬ್ಬ ಹುಡುಗಿಯನ್ನು ಲತಾ ಎನ್ನೋಣ. 23 ವರ್ಷ, ಕಂದು ಮೈಬಣ್ಣ. ಎರಡು ತಿಂಗಳಲ್ಲಿ ಗಂಡಿನ ಕಡೆಯವರು ನೋಡಲು ಬರುವವರಿದ್ದರು.

“ಮೊಡವೆ ಕಮ್ಮಿ ಆಯ್ತು ಮೇಡಂ, ಕಲೆ ಮಾತ್ರ ಹಾಗೇ ಇದೆ,” ಎಂದರು ಅವರಮ್ಮ.

ಏನೇನು ಹಚ್ಚಿದ್ದೀರಿ ಎಂದೆ. ನಿಂಬೆರಸ, ಉರಿದರೂ ತಡೆದುಕೊಂಡು. ಆಮೇಲೆ ಚೀಟಿ ಇಲ್ಲದೆ ಮೆಡಿಕಲ್ ಶಾಪ್‌ನಿಂದ ತಂದ ಒಂದು ಕ್ರೀಮ್, ನಾಲ್ಕು ತಿಂಗಳು. ಟ್ಯೂಬ್ ನೋಡಿದೆ: ಅದರಲ್ಲಿ ಮೊಮೆಟಾಸೋನ್ ಎಂಬ ಸ್ಟೀರಾಯ್ಡ್ ಇತ್ತು. ಹಚ್ಚಿದಷ್ಟು ದಿನ ಮುಖ ತಿಳಿಯಾಗುತ್ತಿತ್ತು, ಬಿಟ್ಟರೆ ಕೆಂಪಾಗಿ ಉರಿಯುತ್ತಿತ್ತು.

ನಾನು ಹೇಳಿದ್ದು ಇಷ್ಟು. ನೋಡಮ್ಮ, ಬಣ್ಣ ತಯಾರಿಸುವ ಜೀವಕೋಶಗಳು ಬೆಳ್ಳಗಿರುವವರಲ್ಲೂ ನಮ್ಮಲ್ಲೂ ಹೆಚ್ಚುಕಮ್ಮಿ ಅಷ್ಟೇ ಇರುತ್ತವೆ. ನಮ್ಮವು ಜಾಸ್ತಿ ಚುರುಕು. ಮೊಡವೆ, ಸೊಳ್ಳೆ ಕಡಿತ, ದದ್ದು, ಯಾವುದೇ ಆಗಲಿ, ಚರ್ಮ ಕೆರಳಿದ ಕೂಡಲೇ ಅವು ಬಣ್ಣ ಸುರಿಯುತ್ತವೆ. ಅದು ಮೇಲ್ಪದರದಲ್ಲೇ ಉಳಿದರೆ ಕಲೆ ಕಂದಾಗಿ ಕಾಣುತ್ತದೆ. ಪದರ ಉದುರಿ ಹೊಸದಾದಂತೆಲ್ಲ ತಿಳಿಯಾಗುತ್ತದೆ, ಅದಕ್ಕೂ ತಿಂಗಳುಗಳು ಬೇಕು. ಒಳಪದರಕ್ಕೆ ಇಳಿದರೆ ಬೂದು ಅಥವಾ ನೀಲಿ ಛಾಯೆ. ಅಲ್ಲಿಂದ ಉದುರಿ ಹೋಗಲು ದಾರಿಯಿಲ್ಲ. ವರ್ಷಗಟ್ಟಲೆ ಉಳಿಯಬಹುದು.

ಅಂದರೆ ನಿಂಬೆರಸದ ಉರಿ ಕೂಡ ಒಂದು ಹೊಸ ಕೆರಳಿಕೆ. ಚಿವುಟುವುದೂ ಅಷ್ಟೇ. ಲತಾ ಮಾತಾಡುವಾಗಲೂ ಗದ್ದ ಕೆರೆಯುತ್ತಿದ್ದಳು, ಅವಳಿಗೇ ಗೊತ್ತಿರಲಿಲ್ಲ. ಒಣಗಿದ ಕಲೆಗಳ ನಡುವೆ ಎರಡು ಹಸಿ ಮೊಡವೆ ಕಂಡವು. ಅವು ನಿಲ್ಲದೆ ಕಲೆಗೆ ಔಷಧಿ ಹಚ್ಚಿದರೆ ಸೋರುವ ನಲ್ಲಿ ಕೆಳಗೆ ನೆಲ ಒರೆಸಿದ ಹಾಗೆ.

ಸ್ಟೀರಾಯ್ಡ್ ಬಿಡಿಸುವುದನ್ನು ಡಾಕ್ಟರಿಗೆ ಬಿಟ್ಟೆವು. ಚರ್ಮ ಶಾಂತವಾದ ಮೇಲೆ ಅವರು ಅಜೆಲಾಯಿಕ್ ಆಸಿಡ್ ಕ್ರೀಮ್ ಬರೆದರು, ಮೊದಮೊದಲು ದಿನ ಬಿಟ್ಟು ದಿನ. ಅದು ಮೊಡವೆಗೂ ಕಲೆಗೂ ಆಗುತ್ತದೆ. ಬೆಳಿಗ್ಗೆ ಬಣ್ಣ ಬೆರೆತ ಸನ್‌ಸ್ಕ್ರೀನ್, ಎರಡು ಬೆರಳುದ್ದ. ಬಣ್ಣ ಯಾಕೆಂದರೆ ಕಣ್ಣಿಗೆ ಕಾಣುವ ಬೆಳಕೂ ನಮ್ಮ ಕಲೆಯನ್ನು ಗಾಢ ಮಾಡುತ್ತದೆ. ಅದರಲ್ಲಿನ ಐರನ್ ಆಕ್ಸೈಡ್ ಆ ಬೆಳಕನ್ನೂ ತಡೆಯುತ್ತದೆ.

“ಎರಡು ತಿಂಗಳಲ್ಲಿ ಹೋಗಲ್ವಾ?” ಎಂದರು ಅಮ್ಮ. ಇಲ್ಲ ಎಂದೆ. ಆ ದಿನಕ್ಕೆ ಕನ್ಸೀಲರ್ ಹಚ್ಚಿಕೊಳ್ಳಲಿ, ಬ್ಲೀಚ್ ಮಾತ್ರ ಬೇಡ ಎಂದೆ. ಅವರಿಗೆ ನನ್ನ ಮೇಲೆ ಸ್ವಲ್ಪ ಬೇಸರವಾಯಿತು, ಸಹಜ ಅಲ್ವಾ.

ದಿನಾ ಕನ್ನಡಿ ನೋಡಿದರೆ ಬದಲಾವಣೆ ತಿಳಿಯುವುದಿಲ್ಲ. ತಿಂಗಳಿಗೊಮ್ಮೆ ಅದೇ ಕಿಟಕಿ ಪಕ್ಕ, ಅದೇ ಹೊತ್ತಿಗೆ ಒಂದು ಫೋಟೋ ತೆಗೆ ಎಂದಿದ್ದೆ. ಎರಡನೇ ಫೋಟೋದಲ್ಲಿ ಹಳೇ ಕಲೆ ಹಾಗೇ ಇತ್ತು, ಹೊಸದೊಂದೂ ಇರಲಿಲ್ಲ. ಆರನೆಯದರಲ್ಲಿ ಕೆನ್ನೆಯ ಕಂದು ಕಲೆಗಳು ಬಹಳಷ್ಟು ಮಾಸಿದ್ದವು. ದವಡೆಯ ಹತ್ತಿರದ ಎರಡು ಬೂದು ಚುಕ್ಕೆ ಈಗಲೂ ಇವೆ.