ಒಂದು ಟೆಂಪೊ ಸಾಮಾನು ಹೋಯಿತು, ಮನೆ ಮತ್ತೆ ತುಂಬಿತು

‘ಅಮ್ಮನಿಗೆ 68 ವರ್ಷ. ಹಳೇ ಪೇಪರು, ಪ್ಲಾಸ್ಟಿಕ್ ಡಬ್ಬಿ, ಹರಿದ ಸೀರೆ, ಯಾವುದನ್ನೂ ಬಿಸಾಡಲು ಬಿಡುವುದಿಲ್ಲ. ಹೋದ ವರ್ಷ ಅವರು ಚಿಕ್ಕಮ್ಮನ ಮನೆಗೆ ಹೋಗಿದ್ದಾಗ ನಾನೂ ಅಣ್ಣನೂ ಒಂದು ಟೆಂಪೊ ತುಂಬ ಗುಜರಿಗೆ ಹಾಕಿದೆವು. ಆರು ತಿಂಗಳಲ್ಲಿ ಮತ್ತೆ ಅದೇ ಸ್ಥಿತಿ. ಈಗ ಕೋಣೆಗೆ ಬೀಗ ಬೇರೆ. ನಮ್ಮ ಸೋದರಮಾವ ನಾಣ್ಯ ಕೂಡಿಡುತ್ತಾರೆ, ಅದು ಹವ್ಯಾಸ. ಅಮ್ಮನದು ಮಾತ್ರ ಕಾಯಿಲೆಯೇ?’
– ಓದುಗರೊಬ್ಬರು, ಶಿವಮೊಗ್ಗ

ನಿಮ್ಮ ಮಾವ ನಾಣ್ಯಗಳನ್ನು ಆರಿಸಿ ತರುತ್ತಾರೆ, ಜೋಡಿಸಿಡುತ್ತಾರೆ, ಒಂದೇ ಬಗೆಯದು ಎರಡಿದ್ದರೆ ಒಂದನ್ನು ಕೊಟ್ಟುಬಿಡುತ್ತಾರೆ. ಅವರ ಮಂಚದ ಮೇಲೆ ಮಲಗಲು ಜಾಗವಿದೆ. ಅಮ್ಮನ ಮನೆಯಲ್ಲಿ ಮಂಚ, ಒಲೆಕಟ್ಟೆ, ಓಡಾಡುವ ದಾರಿ ಬಳಕೆಗೆ ಸಿಗದಂತಾಗಿದ್ದರೆ ಅದು ಹವ್ಯಾಸವಲ್ಲ. ಮೊದಲು ಇದನ್ನು ಗೀಳುರೋಗದ ಒಂದು ಮುಖ ಎಂದೇ ಎಣಿಸುತ್ತಿದ್ದರು. ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಪ್ರತ್ಯೇಕ ಕಾಯಿಲೆಯಾಗಿ ಗುರುತಿಸಿತು.

ಬಿಸಾಡುವಾಗ ಅಷ್ಟು ಸಂಕಟವೇಕೆ? 2012ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಟಾಲಿನ್ ಮತ್ತು ಸಂಗಡಿಗರು ಇಂಥವರ ಮಿದುಳನ್ನು ಸ್ಕ್ಯಾನ್ ಮಾಡುತ್ತಾ, ಅವರ ಮನೆಗೆ ಬಂದ ಕಾಗದಪತ್ರಗಳನ್ನೂ ಬೇರೆಯವರವನ್ನೂ ತೋರಿಸಿ ‘ಇಟ್ಟುಕೊಳ್ಳೋಣವೋ, ಹರಿದುಹಾಕೋಣವೋ’ ಎಂದು ಕೇಳಿದರು. ಬೇರೆಯವರ ಕಾಗದ ಕಂಡಾಗ, ಯಾವುದು ಮುಖ್ಯ, ಎಲ್ಲಿ ತಪ್ಪಾದೀತು ಎಂದು ಎಚ್ಚರಿಸುವ ಭಾಗಗಳು ತಣ್ಣಗಿದ್ದವು. ತಮ್ಮದೇ ಕಾಗದ ಬಂದೊಡನೆ ಅವೇ ಭಾಗಗಳು ವಿಪರೀತ ಚುರುಕಾದವು. ನಿಮಗೆ ರದ್ದಿಯಾಗಿ ಕಾಣುವ ಪೇಪರು ಅಮ್ಮನಿಗೆ ‘ಇದನ್ನು ಬಿಟ್ಟರೆ ದೊಡ್ಡ ತಪ್ಪಾಗುತ್ತದೆ’ ಎನ್ನಿಸುತ್ತದೆ. ತೆಗೆದಿಟ್ಟ ತಕ್ಷಣ ಎದೆ ಹಗುರಾಗುತ್ತದೆ. ಆ ಹಗುರವೇ ಮುಂದಿನ ಸಲವೂ ತೆಗೆದಿಡಲು ಕಲಿಸುತ್ತದೆ.

ಇಲ್ಲೇ ನಿಮ್ಮ ಟೆಂಪೊ ಸೋತದ್ದು. ಸಾಮಾನು ಹೋಯಿತು, ತೀರ್ಮಾನ ಮಾತ್ರ ನಿಮ್ಮದಾಗಿತ್ತು. ಕೈಯಾರೆ ಬಿಟ್ಟುಕೊಟ್ಟು, ಸಂಕಟ ತಾನಾಗಿ ಇಳಿಯುವುದನ್ನು ನೋಡುವ ಅವಕಾಶ ಅಮ್ಮನಿಗೆ ಸಿಗಲೇ ಇಲ್ಲ. ಮಕ್ಕಳನ್ನೂ ನಂಬುವಂತಿಲ್ಲ ಎಂಬ ಪಾಠವಷ್ಟೇ ಉಳಿಯಿತು.

ಈಗ ಮಾಡಬಹುದಾದದ್ದು ಸಣ್ಣದು. ಒಲೆಯ ಸುತ್ತ ಅಥವಾ ಮಂಚದಿಂದ ಬಚ್ಚಲಿಗೆ ಹೋಗುವ ದಾರಿ, ಇಷ್ಟನ್ನೇ ಆರಿಸಿ. ಬೆಂಕಿ, ಬೀಳುವ ಭಯ ಎರಡೂ ಅಲ್ಲೇ ಹೆಚ್ಚು. ಅಮ್ಮನ ಒಪ್ಪಿಗೆ ಪಡೆದು ದಿನಕ್ಕೆ ಹದಿನೈದು ನಿಮಿಷ ಜೊತೆಗೆ ಕೂರಿ. ಅವರು ಹೇಳುವವರೆಗೆ ಏನನ್ನೂ ಮುಟ್ಟಬೇಡಿ. ಒಂದು ಡಬ್ಬಿಯನ್ನು ಬಿಡಲು ಒಪ್ಪಿದರೆ, ‘ಸಂಕಟ ಹತ್ತರಲ್ಲಿ ಎಷ್ಟಮ್ಮ?’ ಎಂದು ಕೇಳಿ ಬರೆದಿಡಿ. ಸಂಜೆ ಕೇಳಿ, ಮರುದಿನವೂ ಕೇಳಿ. ಎಂಟಿದ್ದದ್ದು ಮೂರಕ್ಕೆ ಇಳಿದರೆ, ಆ ಅಂಕಿಯನ್ನು ಅವರೇ ಓದಲಿ. ಮನೆಯೊಳಗೆ ಹೊಸದಾಗಿ ಬರುವುದರ ಬಗ್ಗೆಯೂ ಇದೇ ಅಭ್ಯಾಸ ಬೇಕು, ಇಲ್ಲದಿದ್ದರೆ ಖಾಲಿಯಾದ ಜಾಗ ತುಂಬುತ್ತಲೇ ಇರುತ್ತದೆ.

ಚಿಕಿತ್ಸಕರು ಮಾಡಿಸುವುದೂ ಹೆಚ್ಚುಕಡಿಮೆ ಇದನ್ನೇ. ತಿಂಗಳುಗಟ್ಟಲೆ ಹಿಡಿಯುತ್ತದೆ, ಆಮೇಲೂ ಮನೆ ಪೂರ್ತಿ ಖಾಲಿಯಾಗದಿರಬಹುದು. ಈ ಅಭ್ಯಾಸ ಇತ್ತೀಚೆಗೆ, ಮರೆವಿನ ಜೊತೆ ಶುರುವಾಗಿದ್ದರೆ ಮೊದಲು ನೆನಪಿನ ಶಕ್ತಿಯ ಪರೀಕ್ಷೆ ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳುರೋಗದ ವಿಭಾಗವಿದೆ. ಫೋನಿನಲ್ಲೇ ಸಲಹೆಗೆ ಟೆಲಿ ಮಾನಸ್, 14416.

ಇದೆಲ್ಲಕ್ಕೂ ಮುಂಚೆ, ಕೇಳದೆ ಸಾಗಿಸಿದ್ದು ತಪ್ಪಾಯಿತು ಎಂದು ನೀವೂ ನಿಮ್ಮ ಅಣ್ಣನೂ ಅಮ್ಮನಿಗೆ ಹೇಳಿ. ಬೀಗದ ಕೈ ಮಾತ್ರ ಕೇಳಬೇಡಿ.